ನುಡಿ ಫೈಲ್ ಬಗ್ಗೆ ಕೇಳಿದ ಪ್ರಶ್ನೆ ಬೇರೆಯವರಿಗೂ ಸಿಗಬೇಕಾದರೆ ಶೀರ್ಷಿಕೆ ಹೇಗಿರಬೇಕು?

ನಾಗರಾಜು, ಡಿಟಿಪಿ ಅಂಗಡಿ, ಮಂಡ್ಯ:
ನಮಸ್ಕಾರ ಮೇಡಂ. ನುಡಿ ಸಾಫ್ಟ್‌ವೇರಿನಲ್ಲಿ ಕನ್ನಡ ಟೈಪ್ ಮಾಡಿದ್ದು ಬೇರೆ ಕಡೆ ಹಾಳಾಗಿ ಕಾಣುತ್ತೆ ಅಂತ ನಮ್ಮ ಸಹಾಯ ವೇದಿಕೆಯಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಉತ್ತರ ಅಲ್ಲೇ ಇದೆ, ಆದರೆ ಅದರ ಶೀರ್ಷಿಕೆ "ನುಡಿ ಸಮಸ್ಯೆ, ಅರ್ಜೆಂಟ್". ಯಾರಿಗೂ ಸಿಗುತ್ತಿಲ್ಲ. ಅದನ್ನು "ಆಸ್ಕಿಯಿಂದ ಯುನಿಕೋಡ್‌ಗೆ ಪರಿವರ್ತನೆ" ಅಂತ ಬದಲಾಯಿಸಲಾ?

ಶೈಲಜಾ, ಪ್ರಶ್ನೋತ್ತರ ತಾಣದ ನಿರ್ವಾಹಕಿ, ಮೈಸೂರು:
ಬೇಡ ನಾಗರಾಜು ಅವರೇ. ಆಸ್ಕಿ, ಯುನಿಕೋಡ್ ಎನ್ನುವ ಮಾತು ಹೊಳೆದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿರುತ್ತದೆ. ಅವರು ಪ್ರಶ್ನೆ ಹುಡುಕುವುದಿಲ್ಲ, ನೇರವಾಗಿ ಪರಿವರ್ತಕವನ್ನೇ ಹುಡುಕುತ್ತಾರೆ. ನಿಮ್ಮ ಉತ್ತರ ಬೇಕಿರುವುದು ಕಾರಣ ಗೊತ್ತಿಲ್ಲದವರಿಗೆ. ಅವರಿಗೆ ಗೊತ್ತಿರುವುದು ಎರಡೇ: ತಾವು ಏನು ಮಾಡಿದೆವು, ಪರದೆಯ ಮೇಲೆ ಏನು ಬಂತು. ಶೀರ್ಷಿಕೆಯಲ್ಲಿ ಆ ಎರಡೂ ಇರಬೇಕು.

ನಿಮ್ಮ ವೇದಿಕೆಯಲ್ಲಿ ಇದು ಒಂದೇ ಪ್ರಶ್ನೆಯಲ್ಲ, ಎರಡು ಅನ್ನಿಸುತ್ತದೆ. ಕಾರಣ ಒಂದೇ. ಹಳೆಯ ನುಡಿ ಅಕ್ಷರಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ, ಜನ ಆಸ್ಕಿ ಅನ್ನುವುದು ಇದನ್ನೇ. Nudi 01 e ತರಹದ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ "ಕನ್ನಡ" ಎಂಬ ಪದ PÀ£ÀßqÀ ಆಗಿಬಿಡುತ್ತದೆ. ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಹೀಗಾದರೆ ಅಲ್ಲಿ ನುಡಿ ಫಾಂಟ್ ಹಾಕಿದರೆ ಸಾಕು. ವಾಟ್ಸಾಪ್‌ಗೆ ಪೇಸ್ಟ್ ಮಾಡಿದಾಗ ಹೀಗಾದರೆ ಫಾಂಟ್ ಹಾಕಿ ಪ್ರಯೋಜನವಿಲ್ಲ, ಯಾಕೆಂದರೆ ಅಲ್ಲಿ ನುಡಿ ಫಾಂಟ್ ಆರಿಸಿಕೊಳ್ಳಲು ದಾರಿಯೇ ಇಲ್ಲ. ಬರಹವನ್ನೇ ಯುನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಮನೆಗಳಿರುವ ಪದ್ಧತಿಗೆ, ಬದಲಿಸಬೇಕು. ಪರಿಹಾರ ಬೇರೆ ಆದ ಮೇಲೆ ಶೀರ್ಷಿಕೆಯೂ ಬೇರೆ ಇರಬೇಕು, ಅಲ್ವಾ? ಇಲ್ಲದಿದ್ದರೆ ವಾಟ್ಸಾಪ್‌ನವರು ಬಂದು ಫಾಂಟ್ ಹಾಕಿಕೊಂಡು ಹೋಗುತ್ತಾರೆ, ತೊಂದರೆ ಹಾಗೇ ಉಳಿಯುತ್ತದೆ.

ನಾನಾದರೆ ಹೀಗೆ ಬರೆಯುತ್ತೇನೆ:

"ನುಡಿ ಫೈಲ್ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು PÀ£ÀßqÀ ತರಹದ ಇಂಗ್ಲಿಷ್ ಅಕ್ಷರ ಬರುತ್ತಿದೆ"

"ನುಡಿ ಬರಹ ವಾಟ್ಸಾಪ್‌ಗೆ ಪೇಸ್ಟ್ ಮಾಡಿದರೆ PÀ£ÀßqÀ ತರಹದ ಇಂಗ್ಲಿಷ್ ಅಕ್ಷರ ಬರುತ್ತಿದೆ"

"ನುಡಿ" ಮೊದಲಿಗೇ ಇದೆ ನೋಡಿ. ಗೂಗಲ್ ಫಲಿತಾಂಶದಲ್ಲಿ ಉದ್ದದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಆ ಪದವನ್ನು "ನುಡಿಯಲ್ಲಿ", "ನುಡಿಯಿಂದ" ಅಂತಲೂ ಮಾಡಿಲ್ಲ. ಎಷ್ಟೋ ವೇದಿಕೆಗಳ ಹುಡುಕು ಪೆಟ್ಟಿಗೆ ಪದವನ್ನು ಇದ್ದ ಹಾಗೇ ಹೋಲಿಸುತ್ತದೆ. ಅದಕ್ಕೆ "ನುಡಿ" ಮತ್ತು "ನುಡಿಯಿಂದ" ಒಂದೇ ಅಂತ ಗೊತ್ತಾಗುವುದಿಲ್ಲ. ನಮ್ಮ ಭಾಷೆಯಲ್ಲಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುವುದರಿಂದ ಈ ತೊಂದರೆ ಜಾಸ್ತಿ. ಮುಖ್ಯ ಪದ ಒಂದು ಕಡೆಯಾದರೂ ಬಿಡಿಯಾಗಿ ಇರಲಿ.

ಮಹೇಶ, ಮದ್ದೂರು:
ಅಷ್ಟೆಲ್ಲ ಯಾಕೆ ಮೇಡಂ? ನುಡಿ, ಬರಹ, ಶ್ರೀಲಿಪಿ, ಫಾಂಟ್, ಯುನಿಕೋಡ್, ಕನ್ನಡ ಬರ್ತಿಲ್ಲ ಅಂತ ಎಲ್ಲಾ ಪದಾನೂ ಸಾಲಾಗಿ ಹಾಕಿದ್ರೆ ಯಾರು ಏನು ಹುಡುಕಿದ್ರೂ ಸಿಗುತ್ತೆ.

ಶೈಲಜಾ:
ಸಿಗುತ್ತದೆ ಮಹೇಶ್, ಆ ಮಟ್ಟಿಗೆ ನಿಮ್ಮ ಮಾತು ನಿಜ. ಆದರೆ ಸಿಕ್ಕ ಮೇಲೆ ಜನ ಆ ಸಾಲನ್ನು ಓದಿ, ಇದು ತಮ್ಮದೇ ತೊಂದರೆ ಹೌದೋ ಅಲ್ಲವೋ ಅಂತ ನಿರ್ಧರಿಸಬೇಕಲ್ಲ? ಪದಗಳ ರಾಶಿ ನೋಡಿದರೆ ಅದು ತಿಳಿಯುವುದಿಲ್ಲ. ಇನ್ನೊಂದು ಅಪಾಯ ಇದೆ. ಶ್ರೀಲಿಪಿ ಬೇರೆಯೇ ಸಾಫ್ಟ್‌ವೇರ್, ಅದರ ಅಕ್ಷರ ಜೋಡಣೆಯೇ ಬೇರೆ. ಶೀರ್ಷಿಕೆಯಲ್ಲಿ ಶ್ರೀಲಿಪಿ ನೋಡಿ ಬಂದವರು ತಮ್ಮ ಫೈಲನ್ನು ನುಡಿಯ ಪರಿವರ್ತಕಕ್ಕೆ ಹಾಕಿದರೆ ಇನ್ನಷ್ಟು ಗೋಜಲಾಗುತ್ತದೆ. ಉತ್ತರ ಯಾವುದಕ್ಕೆ ಕೆಲಸ ಮಾಡುತ್ತದೋ ಅದರ ಹೆಸರು ಮಾತ್ರ ಶೀರ್ಷಿಕೆಯಲ್ಲಿರಲಿ. ಯುನಿಕೋಡ್, ಆಸ್ಕಿ ಇವೆಲ್ಲ ಪ್ರಶ್ನೆಯ ವಿವರದಲ್ಲೋ ಉತ್ತರದಲ್ಲೋ ಬರಲಿ. ಗೂಗಲ್ ಅದನ್ನೂ ಓದುತ್ತದೆ.

ಕಮಲಮ್ಮ, ಶ್ರೀರಂಗಪಟ್ಟಣ:
ನಮ್ಮ ಮಹಿಳಾ ಸಂಘದ ವರದಿಯಲ್ಲೂ ಶೀರ್ಷಿಕೆಯದ್ದೇ ತೊಂದರೆ ಕಣಮ್ಮ. ಒಳಗಿನ ಕನ್ನಡ ಎಲ್ಲಾ ಸರಿಯಾಗಿದೆ, ಶೀರ್ಷಿಕೆ ಮಾತ್ರ ಚೌಕ ಚೌಕವಾಗಿ ಕಾಣುತ್ತೆ. ನುಡಿ ಹಾಕಿಸಿದ್ರೆ ಸರಿ ಹೋಗುತ್ತಾ?

ಶೈಲಜಾ:
ಕಮಲಮ್ಮನವರೇ, ನಾವು ಮಾತಾಡುತ್ತಿರುವುದು ಪ್ರಶ್ನೆಯ ಶೀರ್ಷಿಕೆ. ನಿಮ್ಮದು ವರದಿಯ ಶೀರ್ಷಿಕೆ, ಬೇರೆಯೇ ವಿಷಯ. ಚೌಕ ಬಂದರೆ ಸಾಮಾನ್ಯವಾಗಿ ಬರಹ ಸರಿಯೇ ಇರುತ್ತದೆ, ಆ ಸಾಲಿಗೆ ಕೊಟ್ಟ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ. ನುಡಿ ಹಾಕಿಸುವ ಮೊದಲು ಆ ಸಾಲನ್ನು ಆಯ್ದು Nirmala UI ಫಾಂಟ್ ಕೊಟ್ಟು ನೋಡಿ. ಸರಿಹೋಗದಿದ್ದರೆ ದಯವಿಟ್ಟು ಹೊಸದಾಗಿ ಕೇಳಿ: "ವರ್ಡ್ ಫೈಲಿನಲ್ಲಿ ಶೀರ್ಷಿಕೆ ಮಾತ್ರ ಚೌಕವಾಗಿ ಕಾಣುತ್ತಿದೆ, ಉಳಿದ ಕನ್ನಡ ಸರಿ ಇದೆ". ನೀವು ಹೇಳಿದ ಆ "ಮಾತ್ರ" ತುಂಬಾ ಬೆಲೆಯ ಪದ. ಇಡೀ ಫೈಲ್ ಹಾಳಾದವರಿಂದ ನಿಮ್ಮ ಪ್ರಶ್ನೆಯನ್ನು ಬೇರೆ ಮಾಡುವುದೇ ಅದು.

ಇಮ್ರಾನ್, ಕಂಪ್ಯೂಟರ್ ತರಬೇತಿ, ಮೈಸೂರು:
ಮೇಡಂ, ಎರಡು ಅನುಮಾನ. ದೋಷದ ಸಂದೇಶವನ್ನು ಇದ್ದ ಹಾಗೇ ಶೀರ್ಷಿಕೆಗೆ ಹಾಕಿ ಅಂತ ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಈ PÀ£ÀßqÀಗೂ ಅದೇ ನಿಯಮವಾ? ಮತ್ತೆ, ನಮ್ಮ ಹುಡುಗರು ಹುಡುಕುವುದು nudi to whatsapp ಅಂತ. ಕನ್ನಡ ಲಿಪಿಯ ಶೀರ್ಷಿಕೆ ಅವರಿಗೆ ಸಿಗುತ್ತಾ?

ಶೈಲಜಾ:
ಮೊದಲನೆಯದು ಒಳ್ಳೆಯ ಪ್ರಶ್ನೆ. ದೋಷದ ಸಂದೇಶ ಎಲ್ಲರಿಗೂ ಒಂದೇ ತರಹ ಬರುತ್ತದೆ. ಪೈಥಾನ್ ಕಲಿಯುವವರಿಗೆ No module named 'cv2' ಅಂತ ಬಂದರೆ ಮೈಸೂರಿನಲ್ಲೂ ಅದೇ, ಬೇರೆ ಊರಿನಲ್ಲೂ ಅದೇ. ಅಂಥದ್ದನ್ನು ಅಕ್ಷರವೂ ಬದಲಿಸದೆ ಹಾಕಬೇಕು. ನಿಮ್ಮ ಫೋಲ್ಡರಿನ ಹೆಸರು, ಸಾಲಿನ ಸಂಖ್ಯೆ ಮಾತ್ರ ತೆಗೆಯಬೇಕು, ಅವು ಇನ್ನೊಬ್ಬರಲ್ಲಿ ಇರುವುದಿಲ್ಲ. ನುಡಿಯ ವಿಷಯ ಹಾಗಲ್ಲ. ಒಬ್ಬೊಬ್ಬರ ಬರಹ ಒಂದೊಂದು ತರಹ ಕೆಡುತ್ತದೆ. PÀ£ÀßqÀ ಅಂತ ಯಾರೂ ಟೈಪ್ ಮಾಡಿ ಹುಡುಕುವುದಿಲ್ಲ. ಅದು ಇರುವುದು ಕಣ್ಣಿಗೆ, "ನನ್ನದೂ ಹೀಗೇ ಕಾಣುತ್ತಿದೆ" ಅಂತ ಗುರುತು ಸಿಗಲು. ಹುಡುಕಾಟಕ್ಕೆ ಸಿಗುವುದು "ಇಂಗ್ಲಿಷ್ ಅಕ್ಷರ" ಎನ್ನುವ ಮಾತು. ಹಾಗಾಗಿ ಎರಡೂ ಬೇಕು.

ಲಿಪಿಯ ಬಗ್ಗೆ: ಪ್ರಶ್ನೆಯ ವಿವರದ ಮೊದಲ ಸಾಲಿನಲ್ಲಿ Nudi, WhatsApp, Word ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲೂ ಬರೆಯಿರಿ ಅಂತ ಹೇಳುತ್ತೇನೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ.

ಇಮ್ರಾನ್:
ವೇದಿಕೆಯ ಪೆಟ್ಟಿಗೆ ಶೀರ್ಷಿಕೆ ಮಾತ್ರ ಹುಡುಕುವಂಥದ್ದಾದರೆ ಅದು ಸಾಲದು ಮೇಡಂ. ಸಾಫ್ಟ್‌ವೇರಿನ ಹೆಸರನ್ನಾದರೂ ಶೀರ್ಷಿಕೆಯಲ್ಲಿ Nudi ಅಂತಲೇ ಹಾಕಬೇಕು ಅಂತ ನನ್ನ ಅಭಿಪ್ರಾಯ.

ಶೈಲಜಾ:
ಅಂಥ ವೇದಿಕೆಯಲ್ಲಿ ನೀವು ಹೇಳುವುದು ಸರಿ. ಆದರೆ ಆಗ "ನುಡಿ" ಅಂತ ಹುಡುಕುವವರು ತಪ್ಪಿಹೋಗುತ್ತಾರೆ. ನಾಗರಾಜು ಅವರ ಗಿರಾಕಿಗಳು ಹೇಗೆ ಟೈಪ್ ಮಾಡುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ನಾಗರಾಜು:
ಅದನ್ನು ನೋಡಿ ಹೇಳುತ್ತೇನೆ. ಹಳೆಯ ಪ್ರಶ್ನೆಯ ಶೀರ್ಷಿಕೆ ತಿದ್ದಲಾ, ಹೊಸದು ಹಾಕಲಾ? ಆಮೇಲೆ, ಮತ್ತೆ ಮತ್ತೆ ಕೇಳಿದ್ದನ್ನೆಲ್ಲ ಅಳಿಸಿಬಿಡಲಾ?

ಶೈಲಜಾ:
ಹಳೆಯದನ್ನೇ ತಿದ್ದಿ, ಉತ್ತರ ಅಲ್ಲೇ ಇದೆಯಲ್ಲ. "ಅರ್ಜೆಂಟ್", "ಸಮಸ್ಯೆ" ಎರಡನ್ನೂ ತೆಗೆಯಿರಿ, ಹುಡುಕುವಾಗ ಅವು ಯಾವ ಪ್ರಶ್ನೆಯನ್ನೂ ಬೇರ್ಪಡಿಸುವುದಿಲ್ಲ. ಉಳಿದವನ್ನು ಅಳಿಸಬೇಡಿ. ಉತ್ತರ ಇರುವ ಪುಟದ ಕೊಂಡಿ ಹಾಕಿ ಮುಚ್ಚಿ. 2008ರಲ್ಲಿ ಶುರುವಾದ, ಪ್ರೋಗ್ರಾಮ್ ಬರೆಯುವವರ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲೂ ಒಂದೇ ತರಹದ ಪ್ರಶ್ನೆಗಳನ್ನು ಹೀಗೆ ಮುಚ್ಚಿ ಇಡುತ್ತಾರೆ. ಒಬ್ಬರು "ಇಂಗ್ಲಿಷ್ ಅಕ್ಷರ" ಅಂದಿರುತ್ತಾರೆ, ಇನ್ನೊಬ್ಬರು "ವಿಚಿತ್ರ ಅಕ್ಷರ" ಅಂದಿರುತ್ತಾರೆ. ಯಾವ ಮಾತು ಹುಡುಕಿ ಬಂದರೂ ಒಂದೇ ಉತ್ತರಕ್ಕೆ ಬಂದು ಸೇರುತ್ತಾರೆ. ವಾಟ್ಸಾಪ್ ಪ್ರಶ್ನೆಯನ್ನು ಮಾತ್ರ ಫೈಲಿನ ಪ್ರಶ್ನೆಗೆ ಜೋಡಿಸಬೇಡಿ.

ತಿದ್ದುವ ಮೊದಲು ಒಂದು ಕೆಲಸ ಮಾಡಿ. ಈ ತೊಂದರೆ ಹೊತ್ತು ಅಂಗಡಿಗೆ ಬಂದವರಿಗೆ ತಕ್ಷಣ ಉತ್ತರ ಹೇಳಬೇಡಿ. "ಇದನ್ನು ಫೋನಿನಲ್ಲಿ ನೀವೇ ಹುಡುಕಿದ್ದರೆ ಏನಂತ ಬರೆಯುತ್ತಿದ್ದಿರಿ?" ಅಂತ ಕೇಳಿ, ಅವರ ಕೈಯಲ್ಲೇ ಟೈಪ್ ಮಾಡಿಸಿ. ಯಾವ ಪದ, ಯಾವ ಲಿಪಿ ಅಂತ ಬರೆದಿಟ್ಟುಕೊಳ್ಳಿ. ಇಮ್ರಾನ್ ಅವರ ಅನುಮಾನಕ್ಕೂ ಅಲ್ಲೇ ಉತ್ತರ ಸಿಗಬಹುದು.

ನಾಗರಾಜು:
ಆಯ್ತು ಮೇಡಂ. ಸೋಮವಾರದಿಂದ ಕೌಂಟರಿನಲ್ಲಿ ಒಂದು ಪುಸ್ತಕ ಇಡುತ್ತೇನೆ. ಬರೆದಿದ್ದನ್ನು ಇಲ್ಲೇ ಹಾಕುತ್ತೇನೆ.