ರೆಸ್ಯೂಮ್ ಅಪ್‌ಲೋಡ್ ಮಾಡಿದರೆ ಕಂಪನಿ ಹೆಸರಿನ ಜಾಗದಲ್ಲಿ Tally Prime ಬರುತ್ತಿದೆ

ಮುಳ್ಳೇರಿಯ ಅಕೌಂಟ್ಸ್
ಮೂರು ದಿನದಿಂದ ಇದೇ ಕೆಲಸ. ಮಂಗಳೂರಿನ ಒಂದು ಕೆಲಸಕ್ಕೆ ಅರ್ಜಿ ಹಾಕಬೇಕು. ಪೋರ್ಟಲ್ ತಾನೇ ಎಲ್ಲ ತುಂಬಿಸುತ್ತದೆ, ಆದರೆ ಕಂಪನಿ ಹೆಸರು Tally Prime ಅಂತೆ! ಸ್ಕಿಲ್ಸ್ ಖಾಲಿ, ಫೋನ್ ನಂಬರೂ ಖಾಲಿ. ರೆಸ್ಯೂಮಿನಲ್ಲಿ ಎಲ್ಲ ಸರಿಯಾಗಿಯೇ ಇದೆ.

ಕುಂಬಳೆಯವ
ಪಿಡಿಎಫ್ ಹಾಕಿದ್ದೀರಿ ಅಲ್ವಾ? ಅದೇ ತೊಂದರೆ. ವರ್ಡ್ ಫೈಲ್ ಹಾಕಿ.

ಮುಳ್ಳೇರಿಯ ಅಕೌಂಟ್ಸ್
ವರ್ಡಿಗೆ ಬದಲಿಸಿ ಹಾಕಿದೆ. ಹಾಗೆಯೇ ಇದೆ.

ಕುಂಬಳೆಯವ
.doc ಹಾಕಿರಬೇಕು. .docx ಬೇಕು.

ಉಪ್ಪಳ ಪ್ರಿಂಟ್
ನನ್ನದರಲ್ಲಿ ಒಂದಕ್ಷರವೂ ಬರಲಿಲ್ಲ. ಸಹಿ ಹಾಕಿ ನಮ್ಮ ಹೊಸ ಸ್ಕ್ಯಾನರಿನಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿದ್ದು. ಎಷ್ಟು ಚೆಂದ ಬಂದಿದೆ ಗೊತ್ತಾ!

ಪೈವಳಿಕೆ ಅಕ್ಕ
ಉಪ್ಪಳದವರೇ, ಸ್ಕ್ಯಾನ್ ಅಂದರೆ ಫೋಟೋ. ಅದರೊಳಗೆ ಅಕ್ಷರ ಇರುವುದಿಲ್ಲ. ಮೂಲ ಫೈಲನ್ನೇ ಹಾಕಿ.
ಮುಳ್ಳೇರಿಯದವರೇ, ನಿಮ್ಮದು ಎರಡು ಕಾಲಂ ಇರುವ ಟೆಂಪ್ಲೇಟ್ ತಾನೇ? ಪಿಡಿಎಫ್ ತೆರೆದು Ctrl+A, Ctrl+C ಒತ್ತಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಬಂದದ್ದನ್ನು ಇಲ್ಲಿ ಹಾಕಿ.

ಮುಳ್ಳೇರಿಯ ಅಕೌಂಟ್ಸ್
ಹೌದು, ಎಡಕ್ಕೆ ಸ್ಕಿಲ್ಸ್, ಬಲಕ್ಕೆ ಅನುಭವ. ಹೇಳುವಂಥದ್ದು ಅಂತ ಅನಿಸಿರಲಿಲ್ಲ. ಹೀಗೆ ಬಂತು:

```
SKILLS MY JOURNEY
Tally Prime Accounts Assistant
GST Returns 06/2021 - 03/2024
```

ಪೈವಳಿಕೆ ಅಕ್ಕ
ಇಲ್ಲೇ ಇದೆ ನೋಡಿ. ಎರಡು ಕಾಲಮ್ಮಿನ ಸಾಲುಗಳು ಒಂದಕ್ಕೊಂದು ಅಂಟಿವೆ. ಹುದ್ದೆಯ ಪಕ್ಕದಲ್ಲಿ ಇದ್ದದ್ದನ್ನು ಪೋರ್ಟಲ್ ಕಂಪನಿ ಅಂದುಕೊಂಡಿತು. MY JOURNEY ಅಂದರೆ ಕೆಲಸದ ಅನುಭವ ಅಂತ ಅದಕ್ಕೆ ಹೊಳೆಯುವುದು ಕಷ್ಟ. Work Experience ಅಂತಲೇ ಬರೆಯಿರಿ. ಒಂದೇ ಕಾಲಂ ಮಾಡಿ. ಮೇಲೆ ಹುದ್ದೆ, ಕೆಳಗೆ ಕಂಪನಿ, ಅದರ ಕೆಳಗೆ ತಾರೀಕು. ಫೋನ್ ನಂಬರ್ ಪುಟದ ಹೆಡರಿನಲ್ಲಿ ಇದ್ದರೆ ಕೆಳಗೆ ತನ್ನಿ. ಎಷ್ಟೋ ಪೋರ್ಟಲ್‌ಗಳು ಹೆಡರನ್ನು ಓದುವುದೇ ಇಲ್ಲ.

ಕುಂಬಳೆಯವ
ಅಕ್ಕಾ, ನನಗೆ ವರ್ಡಿನಲ್ಲೇ ಸರಿಯಾದದ್ದು. ಸುಮ್ನೆ ಹೇಳುವುದಲ್ಲ.

ಪೈವಳಿಕೆ ಅಕ್ಕ
ನಿಮ್ಮದು ಮೊದಲೇ ಒಂದು ಕಾಲಂ ಇದ್ದಿರಬೇಕು. ಇವರ ಪಿಡಿಎಫನ್ನು ವರ್ಡಿಗೆ ಬದಲಿಸಿದರೂ ಒಳಗೆ ಎರಡು ಕಾಲಂ ಹಾಗೆಯೇ ಉಳಿದಿರಬಹುದು. ಹೊಸ ಫೈಲಿನಲ್ಲಿ ಟೈಪ್ ಮಾಡುವುದೇ ಬೇಗ.

ಕುಂಬಳೆಯವ
ನನ್ನದರಲ್ಲಿ ಟೇಬಲ್ ಇತ್ತು. ಆದರೂ ಸರಿ ಬಂತು.

ಪೈವಳಿಕೆ ಅಕ್ಕ
ಬರಬಹುದು ಮಾರಾಯ. ಒಂದೊಂದು ಪೋರ್ಟಲ್ ಒಂದೊಂದು ರೀತಿ ಓದುತ್ತದೆ. ನೋಟ್‌ಪ್ಯಾಡಿನಲ್ಲಿ ಸರಿ ಇದ್ದರೂ ತುಂಬಿದ ಫಾರ್ಮನ್ನು ಒಮ್ಮೆ ಓದಿಯೇ ಸಬ್ಮಿಟ್ ಮಾಡಬೇಕು.

ಮುಳ್ಳೇರಿಯ ಅಕೌಂಟ್ಸ್
ರಾತ್ರಿ ಕೂತು ಹೊಸದಾಗಿ ಟೈಪ್ ಮಾಡಿದೆ. ಕಂಪನಿ, ತಾರೀಕು, ಫೋನ್ ಎಲ್ಲ ಬಂತು ಅಕ್ಕಾ! ಸ್ಕಿಲ್ಸ್ ಕೂಡ. ಆದರೆ ಮೊದಲಿನ ತಪ್ಪು ಎಂಟ್ರಿಗಳು ಪ್ರೊಫೈಲಿನಲ್ಲಿ ಹಾಗೇ ಕೂತಿವೆ. ಒಂದೇ ಕೆಲಸ ಮೂರು ಸಲ ಕಾಣುತ್ತದೆ.

ಪೈವಳಿಕೆ ಅಕ್ಕ
ಕೆಲವು ಪೋರ್ಟಲ್ ಹಳೆಯದನ್ನು ಅಳಿಸದೆ ಹೊಸದನ್ನು ಸೇರಿಸುತ್ತವೆ. ಕೈಯಿಂದಲೇ ಡಿಲೀಟ್ ಮಾಡಿ.

ಮುಳ್ಳೇರಿಯ ಅಕೌಂಟ್ಸ್
ಮಾಡಿದೆ. ಇನ್ನೊಂದು ಉಳಿದಿದೆ. ಒಂದೇ ಕಂಪನಿಯಲ್ಲಿ ಎರಡು ಹುದ್ದೆ ಮಾಡಿದ್ದೆ. ಎರಡನೆಯದಕ್ಕೆ ಕಂಪನಿ ಹೆಸರು ಬರುತ್ತಿಲ್ಲ.

ಪೈವಳಿಕೆ ಅಕ್ಕ
ಎರಡೂ ಹುದ್ದೆಯ ಕೆಳಗೆ ಕಂಪನಿ ಹೆಸರು ಬರೆದು ನೋಡಿ. ಆಗದಿದ್ದರೆ ಆ ಒಂದನ್ನು ಕೈಯಲ್ಲೇ ತುಂಬಿ.

ಉಪ್ಪಳ ಪ್ರಿಂಟ್
ಮೂಲ ಫೈಲ್ ಹಳೆ ಕಂಪ್ಯೂಟರಿನಲ್ಲೇ ಹೋಯಿತು. ಸ್ಕ್ಯಾನಿನಿಂದ ಅಕ್ಷರ ತೆಗೆಯಲು ಆಗುತ್ತದಾ?