ವಲಸೆ ಕೆಲಸಗಾರರಿಗಾಗಿ ಉದ್ಯಮ: ಮಾಡಿ ನೋಡಿದವರು ಹೇಳಿ

ಕೇಳಿದವರು: ಊರು ಬಿಟ್ಟು ದೊಡ್ಡ ನಗರಕ್ಕೆ ಬರುವ ಕೂಲಿ ಕೆಲಸಗಾರರಿಗೆ ಅನುಕೂಲ ಆಗುವಂಥದ್ದು ಏನಾದರೂ ಶುರು ಮಾಡಬೇಕು ಅಂತಿದ್ದೇನೆ. ದಾನದ ಮೇಲೆ ನಡೆಯಬಾರದು, ತನ್ನ ಖರ್ಚು ತಾನೇ ಹೊರಬೇಕು. ಆ್ಯಪ್ ಮಾಡಲು ಬರುತ್ತದೆ, ಸ್ವಲ್ಪ ಉಳಿತಾಯ ಇದೆ. ಯಾವುದಕ್ಕೆ ಕೈ ಹಾಕಲಿ?

ಮೂವತ್ತಾರು ಮಂಚ: ನಾನು ಮಂಚ ಬಾಡಿಗೆಗೆ ಕೊಡುವ ಮನೆ ನಡೆಸಿದೆ. ಪೂರ್ತಿ ಲೆಕ್ಕ ಹೇಳುತ್ತೇನೆ. ದುಡ್ಡಿನಲ್ಲಿ ಹೇಳಿದರೆ ಊರಿಗೊಂದು ಅರ್ಥ ಆಗುತ್ತದೆ, ಅದಕ್ಕೆ ಒಬ್ಬ ಆಳಿನ ಒಂದು ದಿನದ ಕೂಲಿಯನ್ನೇ ಅಳತೆ ಮಾಡಿಕೊಳ್ಳಿ.

ಒಂದು ಮಂಚಕ್ಕೆ ವಾರಕ್ಕೆ ಒಂದು ಕೂಲಿ. 36 ಮಂಚ ತುಂಬಿದರೆ ವಾರಕ್ಕೆ 36 ಕೂಲಿ ಬಂತು. ಕಟ್ಟಡದ ಬಾಡಿಗೆ ವಾರಕ್ಕೆ 16, ನೋಡಿಕೊಳ್ಳುವವನಿಗೆ 6, ನೀರು ಕರೆಂಟಿಗೆ 4, ರಿಪೇರಿಗೆ 2. ಒಟ್ಟು 28. ಅಂದರೆ 28 ಮಂಚ ತುಂಬುವವರೆಗೆ ನನಗೆ ಏನೂ ಇಲ್ಲ. ಮೊದಲ 17 ವಾರ ಸರಾಸರಿ 31 ಮಂಚ ತುಂಬಿತ್ತು. ವಾರಕ್ಕೆ 3ರಂತೆ 51 ಕೂಲಿ ಉಳಿಯಿತು. ನಾನು ಇನ್ನೊಂದು ಕಟ್ಟಡ ಹುಡುಕಲು ಹೊರಟಿದ್ದೆ, ನೋಡಿ!

ಆಮೇಲೆ ಕೊಯ್ಲು ಬಂತು. ಒಂದೇ ವಾರದಲ್ಲಿ ಅರ್ಧ ಮನೆ ಖಾಲಿ. ಏಳು ವಾರ 15 ಮಂಚ ಮಾತ್ರ ತುಂಬಿತ್ತು. ವಾರಕ್ಕೆ 13 ಕೂಲಿ ನಷ್ಟ, ಏಳು ವಾರಕ್ಕೆ 91. ನಾಲ್ಕು ತಿಂಗಳು ಉಳಿಸಿದ್ದು ಹೋಗಿ ಮೇಲೆ 40 ಕೂಲಿ ಕೈಯಿಂದ ಹೋಯಿತು. ಇದು ನಡೆಸುವ ಖರ್ಚು ಮಾತ್ರ. ಕಟ್ಟಡದ ಮಾಲೀಕರಿಗೆ ಆರು ತಿಂಗಳ ಬಾಡಿಗೆ ಅಡ್ವಾನ್ಸ್ ಅಂತ 416 ಕೂಲಿ ಮೊದಲೇ ಕೊಟ್ಟಿದ್ದೆ. ಒಬ್ಬ ಆಳು ಒಂದು ದಿನವೂ ಬಿಡದೆ ವರ್ಷವಿಡೀ ದುಡಿದರೂ ಅಷ್ಟು ಆಗುವುದಿಲ್ಲ. ಮಂಚ, ಹಾಸಿಗೆ, ಬೀಗದ ಪೆಟ್ಟಿಗೆಗೆ ಇನ್ನೊಂದು 324.

ತಿಗಣೆ ಕಥೆ ಬೇರೆ. ಸೋವಿ ಸಿಕ್ಕಿತು ಅಂತ ಮರದ ಮಂಚ ತಂದಿದ್ದೆ. ಮೂರನೇ ತಿಂಗಳಿಗೆ ಹಾಸಿಗೆಯ ಹೊಲಿಗೆ ಪಕ್ಕ ಕಪ್ಪು ಚುಕ್ಕೆ ಕಾಣಿಸಿತು. ಮಸಿ ಇರಬೇಕು ಅಂದುಕೊಂಡೆ. ಅದು ಅವುಗಳ ಹಿಕ್ಕೆ. ಔಷಧ ಹೊಡೆಸಿದೆ, ಹತ್ತು ದಿನಕ್ಕೆ ಮತ್ತೆ ಹಾಜರ್. ಔಷಧಕ್ಕೆ ಮೊಟ್ಟೆ ಸಾಯುವುದಿಲ್ಲ. ಮರಿ ಆದ ಮೇಲೆ, ಎರಡು ವಾರದೊಳಗೆ, ಇನ್ನೊಂದು ಸಲ ಹೊಡೆಸಬೇಕಿತ್ತು. ನನಗೆ ಯಾರೂ ಹೇಳಲಿಲ್ಲ. ಕೊನೆಗೆ ಎಲ್ಲಾ ಮರದ ಮಂಚ ಎಸೆದು ಕಬ್ಬಿಣದ ಪೈಪಿನದು ತಂದೆ.

ಆ್ಯಪ್ ಮಾಡಿ ಕೈಸುಟ್ಟವ: ಆ್ಯಪ್ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಕೆಲಸ ಹುಡುಕಿಕೊಡುವ ಆ್ಯಪ್ ಮಾಡಿದೆ. ಹದಿನಾಲ್ಕು ತಿಂಗಳು. 900 ಜನ ಹೆಸರು ಬರೆಸಿದರು, ಕೆಲಸಕ್ಕೆ ಸೇರಿದ್ದು 11 ಜನ. ಕೋಡ್‌ನಲ್ಲಿ ಏನೂ ತಪ್ಪಿರಲಿಲ್ಲ, ಅದನ್ನು ಮಾತ್ರ ಬಾಯಿಬಿಟ್ಟು ಹೇಳುತ್ತೇನೆ. ಎರಡು ತಿಂಗಳಿಗೆ ಸಿಮ್ ಬದಲಾಗುತ್ತದೆ, ಒಂದು ಫೋನು ನಾಲ್ಕು ಜನರದ್ದು, ಒಟಿಪಿ ಬರುವುದು ಊರಲ್ಲಿರುವ ತಮ್ಮನ ನಂಬರಿಗೆ. ಮತ್ತೆ ಇವರು ಒಬ್ಬೊಬ್ಬರೇ ಕೆಲಸ ಹುಡುಕುವುದಿಲ್ಲ. ಮೇಸ್ತ್ರಿ ಕರೆದರೆ ಹತ್ತು ಜನ ಒಟ್ಟಿಗೆ ಹೋಗುತ್ತಾರೆ. ಮೇಸ್ತ್ರಿಗೆ ನನ್ನ ಆ್ಯಪ್ ಯಾಕೆ ಬೇಕು?

ಹಳೇ ಸೈಟ್ ಇಂಜಿನಿಯರ್: ಮಂಚದವರೇ, ನೀವು ಕಷ್ಟಪಟ್ಟಿದ್ದು ಸುಮ್ನೆ. ನಾವು ಕಂಟ್ರಾಕ್ಟರ್ ಜೊತೆ ಕರಾರು ಮಾಡಿಕೊಂಡೆವು. ಅವರು 60 ಮಂಚಕ್ಕೆ ಇಡೀ ವರ್ಷದ ದುಡ್ಡು ಕೊಡುತ್ತಾರೆ, ಖಾಲಿ ಇದ್ದರೂ ಕೊಡುತ್ತಾರೆ. ಕೊಯ್ಲು ಬರಲಿ ಹಬ್ಬ ಬರಲಿ, ನಮಗೇನು? ಅವರು ಅದನ್ನು ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ. ಮೂರು ವರ್ಷ ಆಯಿತು, ಒಂದು ತಿಂಗಳೂ ನಷ್ಟ ನೋಡಿಲ್ಲ.

ಸೆಂಟ್ರಿಂಗ್ ಬಿಟ್ಟವನು: ಸರ್, ನಿಮ್ಮಂಥ ಮನೆಯಲ್ಲಿ ನಾನು ಇದ್ದೆ. ಆರು ವಾರದ ಬಟವಾಡೆ ಬಾಕಿ ಇತ್ತು. ಕೇಳಿದೆ. ಸಂಜೆ ಐದಕ್ಕೆ ಕೆಲಸದಿಂದ ತೆಗೆದರು, ಏಳಕ್ಕೆ ಟ್ರಂಕು ಗೇಟಿನ ಆಚೆ ಇತ್ತು. ಮಳೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಮಲಗುವ ಜಾಗ ಅದರ ಜೊತೆಗೇ ಹೋದರೆ ಮಾರನೇ ದಿನ ಯಾವ ಮುಖ ಇಟ್ಟುಕೊಂಡು ಕೆಲಸ ಹುಡುಕುವುದು? ನನ್ನ ಜೊತೆಗಿದ್ದ ಒಂಬತ್ತು ಜನ ಅದನ್ನು ನೋಡಿದ ಮೇಲೆ ಬಾಕಿ ಕೇಳಲೇ ಇಲ್ಲ. ನೀವು ನಷ್ಟ ನೋಡಿಲ್ಲ ಅನ್ನುತ್ತೀರಿ. ಅದನ್ನು ನೋಡಿದ್ದು ನಾವು.

ಹಳೇ ಸೈಟ್ ಇಂಜಿನಿಯರ್: ನಮ್ಮಲ್ಲಿ ಹಾಗೆ ಯಾರನ್ನೂ ರಾತ್ರೋರಾತ್ರಿ ಹೊರಗೆ ಹಾಕಿಲ್ಲ. ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಅಡ್ವಾನ್ಸ್ ಅಕ್ಕ: ಕರಾರಿನಲ್ಲಿ ಏನು ಬರೆದಿದೆ ಇಂಜಿನಿಯರ್ ಸಾಹೇಬರೇ? ಕೆಲಸ ಹೋದ ಮೇಲೆ ಎಷ್ಟು ದಿನ ಮಂಚ ಇರುತ್ತದೆ? ಅದನ್ನು ಹೇಳಿ, ಒಳ್ಳೆ ಮನಸ್ಸಿನ ಮಾತು ಬೇಡ. ಮಾಲೀಕರೇ ಆಳುಗಳಿಗೆ ನೇರವಾಗಿ ಮನೆ ಕೊಡುವುದು ಸಾಮಾನ್ಯವಾಗಿ ಒಳ್ಳೆಯದಲ್ಲ ಅಂತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1961ರಲ್ಲೇ ಬರೆದಿಟ್ಟಿದೆ. ಕೆಲಸಗಾರರ ವಸತಿ ಬಗ್ಗೆ ಮಾಡಿದ 115ನೇ ಶಿಫಾರಸು.

ಹಳೇ ಸೈಟ್ ಇಂಜಿನಿಯರ್: ಅದರಲ್ಲೇ ವಿನಾಯಿತಿಯೂ ಇದೆ ಮೇಡಂ. ಊರಿನಿಂದ ದೂರ ಇರುವ ಕೆಲಸಕ್ಕೆ ಕೊಡಬಹುದು ಅಂತಿದೆ. ಜೊತೆಗೆ ಅದು ಶಿಫಾರಸು, ಕಾನೂನು ಅಲ್ಲ.

ಅಡ್ವಾನ್ಸ್ ಅಕ್ಕ: ಕೇಳಿದವರು ದೊಡ್ಡ ನಗರ ಅಂದಿದ್ದಾರೆ, ಕಾಡು ಅಲ್ಲ. ನಾನು ಕೇಳಿದ ದಿನದ ಲೆಕ್ಕ ಇನ್ನೂ ಬಂದಿಲ್ಲ.

ಇರಲಿ, ನನ್ನ ಕಥೆ ಹೇಳುತ್ತೇನೆ. ಮಂಚ ಒಂಟಿ ಗಂಡಸರಿಗೆ ಸರಿ. ಹೆಂಡತಿ ಮಕ್ಕಳು ಇದ್ದವರಿಗೆ ರೂಮು ಬೇಕು, ರೂಮಿಗೆ ಅಡ್ವಾನ್ಸ್ ಬೇಕು, ಅದನ್ನು ಬಡ್ಡಿಗೆ ತರುತ್ತಾರೆ. ಆ ಅಡ್ವಾನ್ಸನ್ನು ನಾವು ಕೊಟ್ಟು ವಾರ ವಾರ ವಾಪಸ್ ಕಟ್ಟಿಸಿಕೊಂಡೆವು, ಸಣ್ಣದೊಂದು ಸೇವಾ ಶುಲ್ಕ ಸೇರಿಸಿ. 42 ಕುಟುಂಬ. ಸಾಲ ಮುಳುಗುತ್ತದೆ ಅಂತ ಎಲ್ಲರೂ ಹೆದರಿಸಿದರು. 39 ಕುಟುಂಬ ಪೂರ್ತಿ ಕಟ್ಟಿದವು. ಎರಡು ಊರಿಗೆ ಹೋಗಿ ಬರಲಿಲ್ಲ, ಒಂದರ ಯಜಮಾನ ಬಿದ್ದು ಸೊಂಟ ಮುರಿದುಕೊಂಡ, ನಾವೇ ಬಿಟ್ಟೆವು.

ನಮಗೆ ಪೆಟ್ಟು ಬಿದ್ದದ್ದು ಇನ್ನೊಂದು ಕಡೆಯಿಂದ. 17 ಕುಟುಂಬ ರೂಮು ಬಿಟ್ಟವು. ಅಡ್ವಾನ್ಸ್ ಪೂರ್ತಿ ವಾಪಸ್ ಬಂದದ್ದು ಆರಕ್ಕೆ. ಗೋಡೆಗೆ ಮೊಳೆ, ಪೇಂಟು, ಹಳೇ ಕರೆಂಟ್ ಬಿಲ್ಲು, ಏನೋ ಒಂದು. ನಾಲ್ಕು ಕಡೆ ಒಂದು ಕಾಸೂ ಬರಲಿಲ್ಲ. ಕುಟುಂಬ ನಮ್ಮ ಸಾಲ ತೀರಿಸಿದ ಮೇಲೆ ಅದು ಅವರದೇ ದುಡ್ಡು ಅಲ್ವಾ? ಬಾಡಿಗೆದಾರರಿಗೆ ಅದು ಮಾಲೀಕರ ತಪ್ಪು ಅನ್ನಿಸಲಿಲ್ಲ, ನಾವೇ ನುಂಗಿದೆವು ಅನ್ನಿಸಿತು. ಒಂದು ಹೆಂಗಸು ಆಫೀಸಿನ ಬಾಗಿಲಲ್ಲಿ ಅರ್ಧ ದಿನ ಕೂತಿದ್ದಳು.

ಈಗ ಎರಡು ಕೆಲಸ ಮಾಡುತ್ತೇವೆ. ಒಳಗೆ ಹೋಗುವ ದಿನ ಗೋಡೆ, ನಲ್ಲಿ, ಮೀಟರಿನ ಫೋಟೊ ತೆಗೆದು ಮಾಲೀಕರ ಫೋನಿಗೂ ಕಳಿಸುತ್ತೇವೆ. ಬಿಡುವ ಕೊನೆಯ ತಿಂಗಳುಗಳ ಬಾಡಿಗೆ ಕೊಡದೆ ಅಡ್ವಾನ್ಸಿನಲ್ಲೇ ವಜಾ ಮಾಡಿಸುತ್ತೇವೆ. ಕೊಟ್ಟು ಆಮೇಲೆ ಕೇಳುವ ಗೋಳೇ ಇಲ್ಲ.

ಮೂವತ್ತಾರು ಮಂಚ: ಬಾಡಿಗೆ ನಿಲ್ಲಿಸುವುದು ಹೇಳುವುದಕ್ಕೆ ಸುಲಭ. ನನ್ನ ಬೀದಿಯಲ್ಲಿ ಒಬ್ಬ ಹಾಗೆ ಮಾಡಿದ. ಆಮೇಲೆ ಆ ಬೀದಿಯ ಯಾವ ಮಾಲೀಕನೂ ಹೊರಗಿನಿಂದ ಬಂದ ಕೂಲಿಯವರಿಗೆ ರೂಮು ಕೊಡಲಿಲ್ಲ. ನಿಮ್ಮ 17 ಜನಕ್ಕೆ ಲಾಭ, ಮುಂದೆ ಬರುವ 50 ಜನಕ್ಕೆ ಬಾಗಿಲು ಬಂದ್.

ಅಡ್ವಾನ್ಸ್ ಅಕ್ಕ: ಹಾಗಾದರೆ ಮಾಲೀಕರಿಗೆ ಬೇಜಾರಾಗಬಾರದು ಅಂತ ದುಡ್ಡು ಬಿಟ್ಟುಬಿಡಬೇಕಾ? ಒಬ್ಬ ಮಾಡಿದ್ದಕ್ಕೆ ಇಡೀ ಬೀದಿ ಮುಚ್ಚಿತು ಅಂತ ನಿಮಗೆ ಹೇಗೆ ಗೊತ್ತು? ಕರಾರಿನಲ್ಲಿ ಮೊದಲೇ ಬರೆಸಿದರೆ ಯಾರಿಗೂ ಬೇಜಾರಿಲ್ಲ.

ಆ್ಯಪ್ ಮಾಡಿ ಕೈಸುಟ್ಟವ: ಆ ಫೋಟೊ ಇಡುವುದಕ್ಕೆ ಆ್ಯಪ್ ಮಾಡಬಹುದಲ್ವಾ?

ಅಡ್ವಾನ್ಸ್ ಅಕ್ಕ: ಬೇಡ ತಮ್ಮಾ. ಫೋನೇ ಸಾಕು.

ಮೂವತ್ತಾರು ಮಂಚ: ನಾನು ಎರಡನೇ ವರ್ಷ ಮಾಲೀಕರ ಜೊತೆ ಕೂತು ಬಾಡಿಗೆ ಬದಲಾಯಿಸಿಕೊಂಡೆ. ವಾರಕ್ಕೆ 9 ಕೂಲಿ ಖಾಯಂ, ಅದರ ಜೊತೆಗೆ ಆ ವಾರದ ಒಟ್ಟು ವಸೂಲಿಯಲ್ಲಿ ಕಾಲು ಭಾಗ. ಮನೆ ತುಂಬಿದರೆ ಅವರಿಗೆ 16ರ ಬದಲು 18 ಸಿಗುತ್ತದೆ, ಅದಕ್ಕೇ ಒಪ್ಪಿದರು. 15 ಮಂಚ ಇದ್ದಾಗ ಅವರಿಗೆ 13ಕ್ಕಿಂತ ಸ್ವಲ್ಪ ಕಡಿಮೆ. ನನ್ನ ನಷ್ಟ ವಾರಕ್ಕೆ 13ರಿಂದ ಹತ್ತಿರ ಹತ್ತಿರ 10ಕ್ಕೆ ಇಳಿಯಿತು. ಸಾಲದು, ಆದರೆ ಉಸಿರಾಡಬಹುದು.

ಬೇರೆ ಬೇರೆ ಸೀಮೆಯವರನ್ನು ಸೇರಿಸಿಕೊಂಡರೆ ಎಲ್ಲರ ಕೊಯ್ಲು ಒಂದೇ ವಾರ ಬರುವುದಿಲ್ಲ ಅಂತ ಅದನ್ನೂ ಮಾಡಿದೆ. ಆದರೆ ಒಂದು ಊರಿನ ಎಂಟು ಜನ ಬಂದರೆ ಎಂಟು ಮಂಚ ಒಂದೇ ರೂಮಿನಲ್ಲಿ ಬೇಕು. ನಾಲ್ಕು ಇಲ್ಲಿ ನಾಲ್ಕು ಅಲ್ಲಿ ಅಂದರೆ ಗಂಟು ಕಟ್ಟಿಕೊಂಡು ಹೊರಟರು. ಇನ್ನೊಂದು ವಿಷಯ, ರಾತ್ರಿ ಪಾಳಿಯವರನ್ನೂ ಹಗಲಿನವರನ್ನೂ ಒಂದೇ ರೂಮಿಗೆ ಹಾಕಬೇಡಿ. ನಮ್ಮಲ್ಲಿ ನಡೆದ ಮೂರು ಹೊಡೆದಾಟವೂ ಬೆಳಗ್ಗೆ ಐದರಿಂದ ಆರರ ಮಧ್ಯೆ, ಲೈಟ್ ಹಾಕಿದ್ದಕ್ಕೆ.

ಸೆಂಟ್ರಿಂಗ್ ಬಿಟ್ಟವನು: ಮಂಚದಣ್ಣಾ, ಪೆಟ್ಟಿಗೆಗೆ ಬೀಗ ಇಟ್ಟಿರಿ ಅಂದಿರಲ್ಲ, ಅದು ನಿಜವಾಗಿ ಬೇಕಾದದ್ದು. ಬಾಡಿಗೆ ಸ್ವಲ್ಪ ಜಾಸ್ತಿ ಇದ್ದರೂ ಬೀಗ ಇರುವ ಕಡೆ ನಾನು ಹೋಗುತ್ತಿದ್ದೆ. ಬಟವಾಡೆ ದಿನ ದುಡ್ಡು ಚಡ್ಡಿಯಲ್ಲಿ ಇಟ್ಟುಕೊಂಡು ನಿದ್ದೆ ಬರುವುದಿಲ್ಲ. ಒಂದು ಕೇಳಲಾ? ನಿಮ್ಮ ಮನೆಗೆ ಬರುವವರ ಹತ್ತಿರ ನೀವೂ ಅಡ್ವಾನ್ಸ್ ತೆಗೆದುಕೊಳ್ಳುತ್ತಿದ್ದಿರಾ?

ಮೂವತ್ತಾರು ಮಂಚ: ಒಂದು ವಾರದ್ದು. ಅಷ್ಟೇ.

ಅಡ್ವಾನ್ಸ್ ಅಕ್ಕ: ಕೊಯ್ಲಿಗೆ ಅಂತ ಹೋದರಲ್ಲ, ಅವರಿಗೆ ವಾಪಸ್ ಕೊಟ್ಟಿರಾ?

ಮೂವತ್ತಾರು ಮಂಚ: ಹೇಳಿ ಹೋದವರಿಗೆ ಕೊಟ್ಟೆ. ಹನ್ನೊಂದು ಜನ ಹೇಳದೆ ಹೋದರು. ಒಂದು ವಾರ ಮೊದಲೇ ಹೇಳಬೇಕು ಅಂತ ಗೋಡೆ ಮೇಲೆ ಬರೆದಿತ್ತು.

ಸೆಂಟ್ರಿಂಗ್ ಬಿಟ್ಟವನು: ಯಾವ ಭಾಷೆಯಲ್ಲಿ ಬರೆದಿತ್ತು?