ಅಜ್ಜಿ ಫೋಟೋ ಕೆಳಗೆ ಏನು ಬರೆಯೋಣ?

ನಮ್ಮ ‘ಬಳ್ಳಾರಿ ಮನೆ’ ಗುಂಪಿನಲ್ಲಿ ನವೆಂಬರ್ 1ರ ಬೆಳಗ್ಗೆ ನಡೆದ ಮಾತುಕತೆ. ‘ಗುಡ್ ಮಾರ್ನಿಂಗ್’ ಹೂವುಗಳನ್ನು ಮಾತ್ರ ತೆಗೆದಿದ್ದೇನೆ.

ಅಣ್ಣ: (ಫೋಟೋ) ಅಜ್ಜಿಯ ಹಳದಿ ಇಳಕಲ್ ಸೀರೆ, ಕೆಂಪು ಸೆರಗು. ಬಾವುಟವೇ ಬೇಕಿಲ್ಲ! ಕೆಳಗೆ ಹೀಗೆ ಹಾಕ್ತೀನಿ: “1956ರಲ್ಲಿ ಹುಟ್ಟಿದ ಕರ್ನಾಟಕಕ್ಕಾಗಿ ಪ್ರಾಣ ಕೊಡಲೂ ಸಿದ್ಧ! ಕನ್ನಡ ಕಲಿಯಿರಿ, ಇಲ್ಲವೇ ಜಾಗ ಖಾಲಿ ಮಾಡಿ!” ಹತ್ತು ಗಂಟೆಗೆ ಇನ್‌ಸ್ಟಾಗೆ ಹೋಗುತ್ತೆ.

ಆದೋನಿ ಅತ್ತೆ: ಯಪ್ಪಾ, ನಾನು ಯಾವ ಜಾಗ ಖಾಲಿ ಮಾಡಲಿ? ನಿಮ್ಮ ಮಾವನಿಗೆ ಇವತ್ತಿಗೂ ಕನ್ನಡ ಓದಲು ಬರೋದಿಲ್ಲ.

ಅಣ್ಣ: ಅಯ್ಯೋ ಅತ್ತೆ, ನಿಮಗಲ್ಲ ಅದು!

ಆದೋನಿ ಅತ್ತೆ: ಮತ್ತೆ ಯಾರಿಗೆ? ಅಮ್ಮನ ಮುಖದ ಕೆಳಗೆ ಬರೆದರೆ ಅಮ್ಮನೇ ಅಂದಂತೆ ಇರುತ್ತೆ. ಅವಳು ತರಕಾರಿಯವಳ ಹತ್ತಿರ ತೆಲುಗಿನಲ್ಲೇ ಚೌಕಾಸಿ ಮಾಡ್ತಾಳೆ.

ದೊಡ್ಡಪ್ಪ: ಇಸವಿಯೂ ಸರಿ ಇಲ್ಲ. 1956ರ ನವೆಂಬರ್ 1ಕ್ಕೆ ಒಂದಾದ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಅಂತ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ನಮ್ಮ ಬಳ್ಳಾರಿಯಂತೂ 1956ಕ್ಕೆ ಕಾಯಲೇ ಇಲ್ಲ. ಆಂಧ್ರ ರಾಜ್ಯ ಹುಟ್ಟಿದ ದಿನವೇ, 1953ರ ಅಕ್ಟೋಬರ್ 1ಕ್ಕೆ, ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು. ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.

ಆದೋನಿ ಅತ್ತೆ: ಆಂಧ್ರಪ್ರದೇಶ ಆದದ್ದೂ 1956ರ ನವೆಂಬರ್ 1ಕ್ಕೇ. ಕೇರಳವೂ ಅವತ್ತೇ. ಇವತ್ತು ನಮಗೂ ವಿಶ್ ಮಾಡ್ರಪ್ಪಾ.

ನಾನು: ಸುಮ್ನೆ “ರಾಜ್ಯೋತ್ಸವದ ಶುಭಾಶಯಗಳು” ಅಂತ ಹಾಕು, ಮುಗೀತು.

ಅಣ್ಣ: ಬ್ಯಾಂಕಿನವರು ಕಳಿಸೋ ಮೆಸೇಜ್ ಥರ ಇದೆ. ಹೆಮ್ಮೆ ಎಲ್ಲಿದೆ ಅದರಲ್ಲಿ?

ಚಿಕ್ಕಪ್ಪ: “ನಮ್ಮ ನೆಲ, ನಮ್ಮ ಜಲ” ಸೇರಿಸು. ಗತ್ತು ಬರುತ್ತೆ.

ನಾನು: ಬೇಡ ಚಿಕ್ಕಪ್ಪ. ಅದನ್ನು ಓದಿದ ಕೂಡಲೇ ಕಾವೇರಿ, ಬೆಳಗಾವಿ ನೆನಪಾಗ್ತವೆ. ಕೆಳಗೆ ಗುರುತಿಲ್ಲದವರು ಬಂದು ಜಗಳ ಆಡ್ತಾರೆ, ಅಜ್ಜಿಯನ್ನು ಯಾರೂ ನೋಡಲ್ಲ. “ಕಲಿಯಿರಿ, ಖಾಲಿ ಮಾಡಿ” ಅಂತ ಇನ್ನೊಬ್ಬರಿಗೆ ಅಪ್ಪಣೆ ಕೊಟ್ಟರೆ ಭಾಷಣ ಆಗಿಬಿಡುತ್ತೆ. ನಮ್ಮ ಮನೆಯದ್ದೇ ಏನಾದರೂ ಹೇಳಿದರೆ ಆಗಲ್ವಾ?

ಚಿಕ್ಕಪ್ಪ: ರಾಜಕೀಯ ಬೇಡ ಅಂದರೆ ಹೇಗಮ್ಮಾ? ರಾಜ್ಯ ಸಿಕ್ಕಿದ್ದೇ ಹೋರಾಟದಿಂದ.

ದೊಡ್ಡಪ್ಪ: ನಿಜ ಕಣಪ್ಪ. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋ ಜಗ್ಗಾಟಕ್ಕೆ ನ್ಯಾಯಮೂರ್ತಿ ಮಿಶ್ರಾ ಅವರನ್ನೇ ನೇಮಿಸಬೇಕಾಯಿತು. ಅದನ್ನು ಬರೆಯೋದಾದರೆ ಪೂರ್ತಿ ಬರೆ, ನಾನೇ ಓದ್ತೀನಿ. ಎರಡು ಸಾಲಿನಲ್ಲಿ ಅದು ಬರೀ ಕೂಗು.

ಇಲ್ಲಿ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ಒಪ್ಪಿದರು ಅಂತಲ್ಲ, ತಿಂಡಿ ಬಂದಿರಬೇಕು.

ನಾನು: ಇದು ನೋಡಿ. “ಅಜ್ಜಿ ಹುಟ್ಟಿದಾಗ ಈ ಮನೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಶಾಲೆಗೆ ಹೋಗುವಾಗ ಮೈಸೂರು ರಾಜ್ಯಕ್ಕೆ ಬಂತು. ಅಪ್ಪ ಒಂದನೇ ಕ್ಲಾಸಿನಲ್ಲಿದ್ದಾಗ ಕರ್ನಾಟಕವಾಯಿತು. ಅಜ್ಜಿ ಎಲ್ಲೂ ಹೋಗಲಿಲ್ಲ, ಅವರ ಕನ್ನಡವೂ ಹೋಗಲಿಲ್ಲ.”

ಆದೋನಿ ಅತ್ತೆ: ಇದು ಚೆನ್ನಾಗಿದೆ. ನಾನೂ ಸ್ಟೇಟಸ್‌ಗೆ ಹಾಕಬಹುದು.

ಚಿಕ್ಕಪ್ಪ: ಮನೆ ತಪ್ಪು. ಅಮ್ಮ ಹುಟ್ಟಿದ್ದು ಕೌಲ್ ಬಜಾರಿನಲ್ಲಿ, ಈ ಮನೆಗೆ ಬಂದದ್ದು ಮದುವೆಯಾದ ಮೇಲೆ. “ಊರು” ಅಂತ ಹಾಕು.

ನಾನು: ಸರಿ. “ಅಜ್ಜಿ ಹುಟ್ಟಿದಾಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು.”

ಅಣ್ಣ: ಉದ್ದ ಆಯ್ತು. ಆದರೂ ಪರವಾಗಿಲ್ಲ, ಓದಿದರೆ ನಗು ಬರುತ್ತೆ. ಕೊನೆಗೆ ❤️💛 ಹಾಕ್ತೀನಿ. ಕರ್ನಾಟಕದ ಬಾವುಟದ ಇಮೋಜಿ ಇಲ್ವಲ್ಲ.

ದೊಡ್ಡಪ್ಪ: ಹಳದಿ ಮೊದಲು. ಬಾವುಟದಲ್ಲಿ ಹಳದಿ ಮೇಲೆ, ಕೆಂಪು ಕೆಳಗೆ.

ಅಣ್ಣ: 💛❤️ ಆಯ್ತಾ? ಹ್ಯಾಶ್‌ಟ್ಯಾಗ್‌ಗೆ ಇವತ್ತು ಜಾಸ್ತಿ ಓಡ್ತಿರೋದನ್ನೇ ಹಾಕಲಾ?

ನಾನು: ಮೊದಲು ಅದನ್ನು ಒತ್ತಿ ನೋಡು. ಮೇಲೇ ಯಾರೋ ನಾಯಕರ ಕಟೌಟ್ ಬಂದರೆ ಅಜ್ಜಿ ಫೋಟೋ ಅವರ ಪಕ್ಕದಲ್ಲೇ ಕೂರುತ್ತೆ. “ಬಳ್ಳಾರಿ”, “ಇಳಕಲ್ ಸೀರೆ” ಸಾಕು.

ಚಿಕ್ಕಪ್ಪ: ನಾನು ನನ್ನ ಸ್ಟೇಟಸ್‌ನಲ್ಲಿ “ನಮ್ಮ ನೆಲ, ನಮ್ಮ ಜಲ” ಹಾಕ್ತೀನಿ. ನನ್ನ ಫೋಟೋ ಜೊತೆ. ಅದಕ್ಕೆ ಯಾರ ಅಭ್ಯಂತರವೂ ಇಲ್ಲ ಅಲ್ವಾ?

ದೊಡ್ಡಪ್ಪ: ಇಲ್ಲ. ಅಮ್ಮನದ್ದನ್ನು ಬಿಟ್ಟರೆ ಸಾಕು.

ಅಣ್ಣ: ಹಾಕಿದೆ!

ಆದೋನಿ ಅತ್ತೆ: ಏನೋ ಇದು, ಚೌಕಟ್ಟಿಗೆ ಕೂರಿಸೋಕೆ ಹೋಗಿ ಸೆರಗನ್ನೇ ಕತ್ತರಿಸಿದ್ದೀಯ. ಬರೀ ಹಳದಿ ಕಾಣ್ತಿದೆ. ತೆಗೆದು ಇನ್ನೊಮ್ಮೆ ಹಾಕು.